ಕುಂಕುಮ ಹಚ್ಚಿದ ನೋಟಿಸು

ಬೈಲಹೊಂಗಲದ ವಕೀಲೆ ಸುಚೇತಾ ಕಾಲೇಜಿನ ಆದೇಶವನ್ನು ಎರಡು ಸಲ ಓದಿದರು. ಎದುರಿಗೆ ಕುಳಿತ ದೊಡವಾಡದ ಬೀರಪ್ಪನಿಗೆ ಒಂದು ಸಲವೂ ಅರ್ಥವಾಗಿರಲಿಲ್ಲ. ತಿಳಿದದ್ದು ಇಷ್ಟೇ: ಮಗ ಸಾಗರ ರ್‍ಯಾಗಿಂಗ್ ಮಾಡಿದನೆಂದು ಎರಡು ಸೆಮಿಸ್ಟರ್ ಕಾಲೇಜಿನಿಂದ ಹೊರಗೆ, ಬರುವ ತಿಂಗಳ ಪರೀಕ್ಷೆಯೂ ಇಲ್ಲ.

"ಮೊದಲ ಒಮ್ಮೆ ಹೊರಗ ಹಾಕಿದ್ರಲ್ರಿ ಬಾಯಾರ, ಮತ್ತ ಇದೇನು?"

"ಅದು ವಿಚಾರಣೆ ಮುಗಿಯೂತನಕ ದೂರ ಇಟ್ಟಿದ್ದು ಬೀರಪ್ಪನವರ. ಅದಕ್ಕ ಹುಡುಗನ್ನ ಕೇಳಬೇಕಂತಿಲ್ಲ. ಇದು ಶಿಕ್ಷಾ. ಶಿಕ್ಷಾ ಕೊಡೂದಕ್ಕ ಮೊದಲ ದೂರು ಏನದ ಅಂತ ತಿಳಿಸಿ, ಹುಡುಗನ ಮಾತು ಕೇಳಲೇಬೇಕು. ಸಹಜ ನ್ಯಾಯ ಅಂತಾರ."

"ಸಹಜ ಅಂದ್ರ ತಾನಾಗೇ ಬರ್ತೈತೇನ್ರಿ?"

"ಇಲ್ಲ, ಕೇಳಿ ತಗೋಬೇಕು. ನೋಟಿಸು ಕಳಿಸಿದ್ರೂ ಹುಡುಗ ಬರಲಿಲ್ಲ ಅಂತ ಬರದಾರ. ಮುಟ್ಟೇತೇನು?"

ಬೀರಪ್ಪ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದ. ಮುಟ್ಟಿಲ್ಲ. ಹಾಗಾದರೆ ಕುಲಪತಿಗಳಿಗೆ ಮೇಲ್ಮನವಿ ಬರೆಯುತ್ತೇನೆ, ನಾಳೆ ಬಂದು ಸಹಿ ಹಾಕಿ ಎಂದರು ಸುಚೇತಾ.

ಆಣೆಗೆ ಒಂದು ದಿನದ ಆಯುಷ್ಯವೂ ಇರಲಿಲ್ಲ. ಮನೆಗೆ ಬಂದು ಸುದ್ದಿ ಹೇಳುತ್ತಿದ್ದಂತೆ ಹೆಂಡತಿ ಶಟ್ಟೆವ್ವ ದೇವರ ಜಗಲಿಯ ಕಡೆ ನೋಡಿದಳು. ಬೀರದೇವರ ಪಕ್ಕದಲ್ಲಿ ಒಂದು ಲಕೋಟೆ. ಒಡೆದಿಲ್ಲ, ಮೇಲೆ ದಪ್ಪಗೆ ಕುಂಕುಮ.

"ಸಾಲಿ ಮುದ್ರಿ ಇತ್ತು. ಪಾಸಾದ ಕಾಗದ ಅಂತ ತಿಳದ್ನಿ. ಅವ ತೊರಗಲ್ಲಿಗಿ ಮಾವನ ಮನಿಗಿ ಓದಾಕ ಹೋಗ್ತೇನಿ ಅಂದಿದ್ದ. ಬಂದಮ್ಯಾಲ ಅವನ ಕೈಲೇ ಒಡಸೂಣು ಅಂತ ಇಟ್ನಿ."

ಹೊರಗೆ ಹಾಕಿದ ಸಂಗತಿಯನ್ನು ಅಪ್ಪ ಮಗ ಸೇರಿ ಅವಳಿಂದ ಮುಚ್ಚಿಟ್ಟಿದ್ದರು. ಮುಚ್ಚಿಟ್ಟವರಿಗೆ ದೇವರೇ ಬಡ್ಡಿ ಸಮೇತ ತೀರಿಸಿದ. ಬೀರಪ್ಪನಿಗೆ ಬೈಯಲು ಬಾಯಿ ಬರಲಿಲ್ಲ. ಒಲೆಗೆ ಹಾಕಿದರೆ ನೋಟಿಸು ಬಂದೇ ಇಲ್ಲ ಎನ್ನಬಹುದು. ಆದರೆ ದೇವರ ಮುಂದಿನದನ್ನು ಒಲೆಗೆ ಹೇಗೆ ಹಾಕುವುದು? ತೋರಿಸಿದರೆ ಮಗನ ವರ್ಷ ಹೋಯಿತು. ತಲೆ ಗಾಣದೆತ್ತಿನಂತೆ ಸುತ್ತಿತು. ಬೆಳಗಾದ ಮೇಲೆ ಲಕೋಟೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಸುಚೇತಾ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಅಂಚೆ ಮುದ್ರೆ ನೋಡಿದರು. ವಿಚಾರಣೆಗೆ ಒಂದೇ ದಿನ ಮೊದಲು ಮುಟ್ಟಿತ್ತು.

"ಒಡೀಬ್ಯಾಡ್ರಿ. ಇದ್ದದ್ದ ಇದ್ದಂಗ ಬರೀತೇನಿ. ಕುಲಪತಿಗಳ ಮುಂದನ ಒಡಿಯೋಣ."

"ಒಳಗ ಏನೈತೋ ಏನೋ, ಬಾಯಾರ."

"ನನಗೂ ಗೊತ್ತಿಲ್ಲ," ಎಂದರು ವಕೀಲೆ. ಬೀರಪ್ಪನಿಗೆ ಇದ್ದ ಒಂದು ಧೈರ್ಯವೂ ಇಳಿಯಿತು.

ಹದಿನೈದು ದಿನಕ್ಕೆ ಕುಲಪತಿಗಳು ಕರೆಸಿದರು. ಸಾಗರನೂ ಬಂದಿದ್ದ, ಇಸ್ತ್ರಿ ಅಂಗಿ, ಕೆಳಗೆ ಮಾಡಿದ ಮುಖ. ಪ್ರಾಚಾರ್ಯರು ಫೈಲು ಹಿಡಿದು ಇನ್ನೊಂದು ಬದಿಗೆ ಕುಳಿತಿದ್ದರು. ಕುಲಪತಿಗಳು ಲಕೋಟೆ ತಿರುಗಿಸಿ, "ಇದೇನ್ರೀ, ನೋಟಿಸಿಗೂ ಪೂಜೆ?" ಎಂದು ಎಲ್ಲರೆದುರು ಒಡೆದರು. ಒಂದೇ ಹಾಳೆ ಬಂತು. 'ದೂರಿನ ಪ್ರತಿ ಲಗತ್ತಿಸಿದೆ' ಎಂದಿತ್ತು. ಲಕೋಟೆಯನ್ನು ಕೊಡವಿದರು. ಮೇಜಿನ ಮೇಲೆ ಒಂದಿಷ್ಟು ಕುಂಕುಮ ಉದುರಿತು, ಅಷ್ಟೇ.

"ದೂರೇ ಕೊಡದೆ ಯಾವುದಕ್ಕೆ ಉತ್ತರ ಕೊಡಬೇಕು?" ಎಂದು ಕುಲಪತಿಗಳು ಪ್ರಾಚಾರ್ಯರನ್ನು ಕೇಳಿದರು. ಅವರು ಗುಮಾಸ್ತನ ಹೆಸರು ಹೇಳಿದರು. ಗುಮಾಸ್ತರು ಇರುವುದೇ ಅದಕ್ಕೆ.

ಶಿಕ್ಷೆ ರದ್ದಾಯಿತು. ದೂರಿನ ಪ್ರತಿ ಕೊಡಬೇಕು, ಉತ್ತರಕ್ಕೆ ಏಳು ದಿನ, ಸಮಿತಿ ಹೊಸದಾಗಿ ಕೇಳಬೇಕು. ಅಲ್ಲಿಯವರೆಗೆ ಪರೀಕ್ಷೆ ಬರೆಯಬಹುದು, ಹಾಸ್ಟೆಲ್ಲಿಗೆ ಕಾಲಿಡಬಾರದು, ದೂರು ಕೊಟ್ಟವನ ತಂಟೆಗೆ ಹೋಗಬಾರದು. ದೂರಿನ ಪ್ರತಿ ಅಲ್ಲೇ ಕೈಗೆ ಬಂತು.

"ಗೆದ್ವೇನ್ರಿ ಬಾಯಾರ?" ಎಂದ ಬೀರಪ್ಪ ಹೊರಗೆ ಬಂದು.

"ತಪ್ಪಿಲ್ಲ ಅಂತ ಹೇಳಿಲ್ಲ. ಕೇಳ್ತೇವಿ ಅಂದಾರ."

ಗೆದ್ದೂ ಗೆದ್ದಿಲ್ಲ, ಸೋತೂ ಸೋತಿಲ್ಲ. ಬೀರಪ್ಪ ಬೇವಿನ ಕಟ್ಟೆಯ ಮೇಲೆ ಕುಳಿತ. "ಓದಪಾ, ನನಗೂ ಕೇಳಲಿ," ಎಂದ.

ಸಾಗರ ಓದತೊಡಗಿದ. ದೂರು ಕೊಟ್ಟವನು ಮೊದಲ ವರ್ಷದ ಗೌತಮ. ಸಾಗರ ಮತ್ತು ಅವನ ಗೆಳೆಯರು ಮೆಸ್ಸಿನಲ್ಲಿ ಎಲ್ಲರ ಮುಂದೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಊಟದ ತಾಟು ಕಳವು ಮಾಡಿದ್ದಾನೆಂದು ಆರೋಪ ಹೊರಿಸಿ, ಊಟವಿಲ್ಲದೆ ಎರಡು ತಾಸು ನಿಲ್ಲಿಸಿ ನಕ್ಕಿದ್ದರು.

"'ನಾನು ಕದ್ದಿಲ್ಲ, ಒಂದು ಮಾತು ಕೇಳಿರಿ ಎಂದು ಸಾಗರಣ್ಣನ ಕಾಲು ಹಿಡಿದೆ. ಅವನು...'"

ಮಗನ ದನಿ ನಿಂತಿತು. ಹಾಳೆ ಸುಚೇತಾರ ಕೈಗೆ ಹೋಯಿತು. ಅವರು ಮೆಲ್ಲಗೆ ಓದಿದರು: "'ಅವನು, ನಿನ್ನ ಮಾತು ಯಾರು ಕೇಳಬೇಕಲೇ ಎಂದನು.'"

ಬೀರಪ್ಪ ಹಾಳೆಯನ್ನು ಇಸಿದುಕೊಂಡು ಮಗನ ಮುಂದೆ ಹಿಡಿದ. ಇಷ್ಟು ದಿನ ತಾನು ಅಲೆದು ಬೇಡಿದ್ದು ಅದನ್ನೇ: ನನ್ನ ಮಗನ ಒಂದು ಮಾತು ಕೇಳಿರಿ.

"ಏಳು ದಿನ ಅದಾವು," ಎಂದ. "ಇನ್ನ ನಿನ್ನ ಮಾತ ಕೇಳ್ತಾರಂತ. ಏನ ಹೇಳ್ತಿ, ಸಾಗರಾ?"

ಸಾಗರ ಹಾಳೆ ತೆಗೆದುಕೊಂಡು ಗೌತಮನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟ. ಅಪ್ಪ ಕಾಯುತ್ತ ಕುಳಿತ.