ಕೆಂಪು ಸಾಲಿನಲ್ಲಿ ಯಜಮಾನರ ಹೆಸರು

ಡ್ಯಾಶ್‌ಬೋರ್ಡ್ ಅಂದಮೇಲೆ ಯಾರಾದರೂ ನೋಡಬೇಕಲ್ಲವೇ? ಶಾಝಿಯಾ ಮಾಡಿದ್ದನ್ನು ಯಾರೂ ನೋಡುತ್ತಿರಲಿಲ್ಲ. ಚಿಕ್ಕಮಗಳೂರಿನ ಕಾಫಿ ಕಂಪನಿಯ ಹೆಡ್ ಆಫೀಸಿನಲ್ಲಿ ಕೂತು, ಜಾವಳಿ, ಸಂಸೆ, ಕಳಸದ ಮೂರು ಎಸ್ಟೇಟುಗಳ ಅಂಕಿಅಂಶಗಳನ್ನು ಪ್ರತಿ ತಿಂಗಳೂ ಬಣ್ಣಬಣ್ಣದ ಚಾರ್ಟುಗಳಲ್ಲಿ ರಂಗೋಲಿಯಂತೆ ಬಿಡಿಸಿಡುತ್ತಿದ್ದಳು. ಎಷ್ಟು ಜನ ತೆರೆದರು ಅನ್ನುವುದನ್ನು ಆ ಹಾಳು ಸಾಫ್ಟ್‌ವೇರೇ ಹೇಳುತ್ತಿತ್ತು. ಇಬ್ಬರು! ಒಬ್ಬಳು ತಾನು. ಇನ್ನೊಬ್ಬರು ಅಕೌಂಟ್ಸಿನ ಹಾಲೇಶ್, ಅದೂ ಪಾಸ್‌ವರ್ಡ್ ನೆನಪಿದೆಯೋ ಇಲ್ಲವೋ ಎಂದು ಪರೀಕ್ಷಿಸಲು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು ಅವಳ ದುಡಿಮೆ.

ಡಿಸೆಂಬರ್ ಮೀಟಿಂಗಿನಲ್ಲಿ ಎಂ.ಡಿ. ಚಂದ್ರಶೇಖರಪ್ಪನವರು, ಆಫೀಸಿನವರೆಲ್ಲರ ಬಾಯಲ್ಲಿ ‘ಯಜಮಾನರು’, ಹೇಳಿಯೇಬಿಟ್ಟರು. “ನೋಡಮ್ಮ, ಚೆನ್ನಾಗೇನೋ ಇದೆ. ಆದ್ರೆ ಯಾರಿಗೂ ಉಪಯೋಗ ಆಗ್ತಿಲ್ಲ. ಮುಂದಿನ ತಿಂಗಳೂ ಹಿಂಗೇ ಆದ್ರೆ ನಿಲ್ಸಿಬಿಡಾಣ. ನೀನು ಮೊದಲಿನ ಹಾಗೆ ದಪ್ಪ ರಿಪೋರ್ಟ್ ಟೈಪ್ ಮಾಡ್ಕೊಡು.”

ಆ ದಪ್ಪ ರಿಪೋರ್ಟು! ಅದನ್ನೂ ಯಾರೂ ಓದುತ್ತಿರಲಿಲ್ಲ, ಟೀ ಲೋಟ ಇಡಲು ಬಳಸುತ್ತಿದ್ದರು, ಅಷ್ಟೆ. ಮತ್ತೆ ಆ ಕೆಲಸಕ್ಕೆ ಇಳಿಯುವುದೆಂದರೆ ಶಾಝಿಯಾಳಿಗೆ ಅಳುವೇ ಬಂತು.

ದಾರಿ ಹೊಳೆದದ್ದು ಯಜಮಾನರ ಕ್ಯಾಬಿನ್ನಿನಲ್ಲೇ. ಅವಳು ಸಹಿಗೆಂದು ನಿಂತಿದ್ದಾಗ ಯಾರೋ ಮದುವೆ ಕಾಗದ ತಂದುಕೊಟ್ಟರು. ಯಜಮಾನರು ಹುಡುಗ ಯಾರು, ಹುಡುಗಿ ಯಾರು, ಊಟ ಎಲ್ಲಿ, ಒಂದನ್ನೂ ನೋಡಲಿಲ್ಲ. ನೇರವಾಗಿ ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಗೆ ಹೋಗಿ ಬೆರಳಾಡಿಸಿದರು. ತಮ್ಮ ಹೆಸರು ಸಿಕ್ಕಿತು. “ಹಾಕಿದಾರೆ!” ಎಂದು ಮುಖ ಅರಳಿಸಿದರು. ಆಮೇಲೆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

ಅವತ್ತೇ ಶಾಝಿಯಾ ಚಾರ್ಟುಗಳನ್ನೆಲ್ಲ ಕಿತ್ತೆಸೆದಳು. ಮೀಟಿಂಗಿನಲ್ಲಿ ಇವರು ನಿಜಕ್ಕೂ ಏನೇನು ತೀರ್ಮಾನ ಮಾಡುತ್ತಾರೆ ಎಂದು ಯೋಚಿಸಿದಳು. ಹಣ್ಣು ಎಷ್ಟು ಬಂತು, ತಿರುಳು ತೆಗೆದು ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್, ಎಷ್ಟು ಒಣಗಿತು, ತೇವ ಎಷ್ಟಿದೆ, ಹೊಟ್ಟು ಬಿಡಿಸುವ ಕ್ಯೂರಿಂಗಿಗೆ ಎಷ್ಟು ಹೋಯಿತು, ಇಷ್ಟೇ ಬೇಕಾದದ್ದು. ಅದರಲ್ಲೂ ಅಂಕಿ ಹೊಂದದೆ ಪ್ರತಿಸಲ ಜಗಳ. ಫೋನು ಮಾಡಿ ವಿಚಾರಿಸಿದರೆ, ಸಂಸೆಯವರು ತಿಂಗಳ ಲೆಕ್ಕವನ್ನು ಕೂಲಿ ಬಟವಾಡೆಯ ದಿನಕ್ಕೇ ಮುಗಿಸುತ್ತಿದ್ದರು, ಉಳಿದವರು ತಿಂಗಳ ಕೊನೆಯ ತಾರೀಖಿಗೆ. ಎಲ್ಲರಿಗೂ ಒಂದೇ ತಾರೀಖು ಒಪ್ಪಿಸಿದಳು. ನಂಬಿಕೆಯಿಲ್ಲದ ಅಂಕಿಗೆ ಎಷ್ಟು ಬಣ್ಣ ಬಳಿದರೇನು?

ಹೊಸದು ಒಂದೇ ಪುಟ, ಫೋನಿನಲ್ಲೇ ಹಿಡಿಸುವಂಥದ್ದು. ಈ ತಿಂಗಳ ಅಂಕಿಯ ಪಕ್ಕದಲ್ಲಿ ಗುರಿ, ಹೋದ ವರ್ಷ ಇದೇ ತಿಂಗಳು ಬಂದದ್ದು. ಕೊಯ್ಲಿನ ಜನವರಿಯನ್ನು ನವೆಂಬರಿನ ಜೊತೆ ಹೋಲಿಸಿ ಏನು ಪ್ರಯೋಜನ? ತೀರ್ಮಾನ ಬೇಕಾದಲ್ಲಿ ಮಾತ್ರ ಕೆಂಪು. ಕೆಂಪಿನ ಮುಂದೆ ಏನು ಮಾಡಬೇಕು, ಯಾರು, ಯಾವಾಗಿನೊಳಗೆ.

ಜನವರಿಯಲ್ಲಿ ಕೆಂಪಾದದ್ದು ಸಂಸೆ. ಹಣ್ಣು ಬರುವ ವೇಗಕ್ಕೆ ಕಣದಲ್ಲಿ ಒಣಗಿಸಲು ಜಾಗ ಸಾಲದೆ ಹಸಿ ಪಾರ್ಚ್‌ಮೆಂಟ್ ರಾಶಿ ಬೀಳುತ್ತಿತ್ತು. ಬೂಸ್ಟು ಹಿಡಿದರೆ ಮುಗಿಯಿತು. ಅಲ್ಲಿನ ಮ್ಯಾನೇಜರ್ ಕಲ್ಲೇಶ್ ಬಾಡಿಗೆ ಡ್ರೈಯರ್ ಕೇಳಿ ಬಹಳ ದಿನವಾಗಿತ್ತು. ಆ ಕೋರಿಕೆ ಒಪ್ಪಿಗೆಯಿಲ್ಲದೆ ನಿಂತದ್ದು ಯಜಮಾನರ ಮೇಜಿನ ಮೇಲೇ. ‘ಯಾರು’ ಎಂಬಲ್ಲಿ ಶಾಝಿಯಾ ‘ಚಂದ್ರಶೇಖರಪ್ಪ’ ಎಂದು ಹಾಕಿದಳು.

ಹಾಲೇಶರು ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಬಂದರು. “ಮಾರಾಯ್ತಿ, ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಸಿಕ್ಕಿದ್ದಾ?”

“ಮತ್ತೆ ಯಾರ ಹೆಸ್ರು ಹಾಕ್ಲಿ ಹಾಲೇಶಣ್ಣ? ಒಪ್ಪಿಗೆ ಕೊಡೋರು ಅವ್ರೊಬ್ರೇ ಅಲ್ವಾ?”

ಮೀಟಿಂಗಿನಲ್ಲಿ ಎಲ್ಲರ ತಲೆಯೂ ಫೋನಿನೊಳಗೆ ಬಾಗಿತು. ಎಲ್ಲರೂ ಹುಡುಕುತ್ತಿದ್ದದ್ದು ತಂತಮ್ಮ ಹೆಸರನ್ನೇ! ಯಜಮಾನರ ಬೆರಳು ನಿಂತಿತು.

“ಕೆಂಪಲ್ಲಿ ನನ್ನ ಹೆಸ್ರು ಹಾಕಿದ್ಯಾರು?”

“ನಾನೇ ಸಾರ್. ಡ್ರೈಯರ್ ಒಪ್ಪಿಗೆ ನಿಮ್ಮ ಹತ್ರಾನೇ ನಿಂತಿದೆ.”

ಯಜಮಾನರು ಅಲ್ಲೇ ಕಲ್ಲೇಶನಿಗೆ ಫೋನು ಹಚ್ಚಿದರು. “ಡ್ರೈಯರ್ ತರ್ಸು ಮಾರಾಯ, ಇವತ್ತೇ.” ಫೋನಿಟ್ಟು ಪುಟವನ್ನು ದಿಟ್ಟಿಸಿದರು. “ಹೇಳಾಯ್ತಲ್ಲಮ್ಮ, ಇನ್ನೂ ಕೆಂಪಿದೆ?”

“ಹೇಳಿದ್ರೆ ಹೋಗಲ್ಲ ಸಾರ್. ಒಣಗಿದ್ರೆ ಹೋಗುತ್ತೆ.”

ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕಮೇಲೆ ಉಳಿದವರಿಗೂ ನಗಲು ಧೈರ್ಯ ಬಂತು.

ಕೆಲವು ದಿನಗಳ ಮೇಲೆ ಯಜಮಾನರ ಫೋನು ಬಂತು. ಹಿಂದುಗಡೆ ಯಂತ್ರದ ಗಡಗಡ ಸದ್ದು. “ಸಂಸೆ ಕಣದಲ್ಲೇ ನಿಂತಿದೀನಮ್ಮ. ರಾಶಿ ಪೂರಾ ಕರಗಿದೆ. ತೇವ ಹತ್ತೂವರೆ ಪರ್ಸೆಂಟ್, ಮೀಟರ್ ನಾನೇ ನೋಡ್ದೆ. ನನ್ನ ಹೆಸ್ರು ತೆಗಿ ಈಗ.”

“ತೆಗೀತೀನಿ ಸಾರ್!”

“ಇನ್ನೊಂದು. ಮುಂದಿನ ತಿಂಗಳದ್ದು ಯಾವತ್ತು ಕಳಿಸ್ತೀಯ?”

ಈ ಪ್ರಶ್ನೆಯನ್ನು ಕಂಪನಿಯಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ. ಶಾಝಿಯಾ ತಾರೀಖು ಹೇಳಿ ಫೋನಿಟ್ಟಳು. ಆಮೇಲೆ ಕುಣಿಯುವಷ್ಟು ಖುಷಿಯಾಗಿ, ಹಾಲೇಶರ ಮೇಜಿನ ಮೇಲಿದ್ದ ಬಿಸಿ ಕಾಫಿಯನ್ನು ಕೇಳದೆಯೇ ಎತ್ತಿ ಕುಡಿದುಬಿಟ್ಟಳು.