ಓದುವ ಮತ್ತು ಬದಲಿಸುವ ಅನುಮತಿ

ಆಡಿಟರ್ ಸಿದ್ದಲಿಂಗೇಶ್ ಅವರ ಆಫೀಸು ಗೋವಿಂದರಾಜನಗರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅಲ್ಲಿ ರಿಟರ್ನ್ಸ್ ತುಂಬುವ ಕೆಲಸದ ಜೊತೆಗೆ ಕಂಪ್ಯೂಟರುಗಳ ಉಸ್ತುವಾರಿಯೂ ಶಿವಾನಿಯ ಪಾಲಿಗೆ ಬಂದಿತ್ತು. ಇದು ನನ್ನದು, ಅದು ನಿನ್ನದು ಎಂಬ ಪದ್ಧತಿ ಅಲ್ಲಿರಲಿಲ್ಲ. ಯಾವ ಕುರ್ಚಿ ಖಾಲಿಯೋ ಅಲ್ಲಿ ಕೂರುವುದು. ಹಾಗಾಗಿ ಒಬ್ಬರು ಬ್ರೌಸರಿಗೆ ಏನನ್ನಾದರೂ ಸೇರಿಸಿದರೆ ಅದು ಎಲ್ಲರಿಗೂ ಅಂಟಿಕೊಳ್ಳುತ್ತಿತ್ತು.

ಒಮ್ಮೆ ಸಹೋದ್ಯೋಗಿ ನಾಗಭೂಷಣ್, ಪಿಡಿಎಫ್ ಜೋಡಿಸಲೆಂದು ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ, ಒಂದು ಎಕ್ಸ್‌ಟೆನ್ಶನ್ ಹಾಕಿಕೊಳ್ಳಲು ಹೊರಟಿದ್ದ. ಹಾಕುವ ಮೊದಲು ಬರುವ ಪುಟ್ಟ ಚೌಕವನ್ನು ಅವನು ಓದದೆ ಒತ್ತುವವನಿದ್ದ. ಶಿವಾನಿ ಅವನ ಕೈ ತಡೆದು ಓದಿಸಿದಳು. ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಅನುಮತಿ ಬೇಕು ಎಂದು ಅದರಲ್ಲಿತ್ತು. ಎರಡು ಪಿಡಿಎಫ್ ಜೋಡಿಸುವುದಕ್ಕೆ ಬ್ಯಾಂಕಿನ ಪುಟವನ್ನೂ ಇಮೇಲನ್ನೂ ಯಾಕೆ ಓದಬೇಕು ಎಂದು ಕೇಳಿದಳು. ನಾಗಭೂಷಣ್ ಆ ಚೌಕವನ್ನು ಮುಚ್ಚಿದ. ಅದಾದ ಮೇಲೆ ಅವಳು ಎಲ್ಲ ಕಂಪ್ಯೂಟರುಗಳಿಗೂ ಒಂದು ಬೀಗ ಹಾಕಿದಳು. ಆಫೀಸು ಒಪ್ಪಿದ ಎಕ್ಸ್‌ಟೆನ್ಶನ್‌ಗಳನ್ನು ಬಿಟ್ಟು ಬೇರೆ ಯಾವುದೂ, ಯಾರ ಹೆಸರಿನಲ್ಲಿ ಬಂದರೂ, ಆ ಕಂಪ್ಯೂಟರುಗಳಲ್ಲಿ ನಡೆಯದಂತೆ ಮಾಡಿದಳು.

ಜುಲೈ ತಿಂಗಳ ಗಡಿಬಿಡಿಯಲ್ಲಿ ಒಬ್ಬ ದೊಡ್ಡ ಗಿರಾಕಿ ಕಳಿಸಿದ ಎಕ್ಸ್‌ಟೆನ್ಶನ್ ಈ ಬೀಗಕ್ಕೆ ಸಿಕ್ಕಿ ನಿಂತುಹೋಯಿತು. ಪರಿಶೀಲಿಸಿ ಅದೊಂದನ್ನೇ ಒಪ್ಪಿಗೆಯ ಪಟ್ಟಿಗೆ ಸೇರಿಸುತ್ತೇನೆ ಎಂದು ಶಿವಾನಿ ಹೇಳಿದಳು. ಸಿದ್ದಲಿಂಗೇಶ್ ಅವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬೀಗವನ್ನೇ ಪೂರ್ತಿ ತೆಗೆಸಿಬಿಟ್ಟರು. ಸೀಸನ್ ಮುಗಿದ ಮೇಲೆ ಮತ್ತೆ ಹಾಕೋಣ ಎಂದವರು ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಶಿವಾನಿ ಶನಿವಾರಗಳಂದು ಒಂದೊಂದೇ ಕಂಪ್ಯೂಟರ್ ತೆರೆದು, ಬ್ರೌಸರಿನಲ್ಲಿ ಎಲ್ಲರೂ ಬಳಸುವ ಆಫೀಸಿನ ಪ್ರೊಫೈಲಿನಲ್ಲಿ ಏನೇನು ಸೇರಿದೆ ಎಂದು ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಕವನಾ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಮೂಡಲಪಾಳ್ಯದಿಂದ ಬರುತ್ತಿದ್ದಳು. ಗಂಡ ಚನ್ನಕೇಶವನಿಗೆ ಅಲ್ಲೇ ಒಂದು ಹಾರ್ಡ್‌ವೇರ್ ಅಂಗಡಿ. ಒಬ್ಬಳು ಮಗಳು, ಅನು, ಒಂದನೇ ಕ್ಲಾಸು. ಕವನಾ ಸೆಕೆಯಲ್ಲೂ ತುಂಬುತೋಳಿನ ಕುರ್ತಾ ಹಾಕುವುದನ್ನು ಶಿವಾನಿ ಗಮನಿಸಿದ್ದಳು. ಒಂದು ದಿನ ಬಾತ್‌ರೂಮಿನಲ್ಲಿ ತೋಳು ಮಡಚಿದಾಗ ಕಪ್ಪುಗಟ್ಟಿದ ಬಾಸುಂಡೆಗಳು ಕಂಡೇಬಿಟ್ಟವು. ಗಂಡ ಹೊಡೆಯುವುದನ್ನು ಕವನಾಳೇ ಹೇಳಿದಳು.

ಅವಳಿಗೆ ಮನೆ ಬಿಡಬೇಕಿತ್ತು, ಮಗಳ ಸಮೇತ. ಆದರೆ ಫೋನನ್ನು ದಿನವೂ ಗಂಡ ತೆಗೆದು ನೋಡುತ್ತಿದ್ದ.

"ಫೋನಲ್ಲಿ ಏನೂ ಮಾಡ್ಬೇಡ ಕಣೇ," ಎಂದಳು ಶಿವಾನಿ. "ಎಲ್ಲಾನೂ ಇಲ್ಲೇ, ಆಫೀಸ್ ಕಂಪ್ಯೂಟ್ರಲ್ಲೇ ಮಾಡು. ಇಲ್ಲಿಗೆ ಅವ್ನ ಕೈ ಬರಲ್ಲ."

ಇಬ್ಬರೂ ಊಟದ ಬಿಡುವಿನಲ್ಲಿ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕೂರತೊಡಗಿದರು. ಗಂಡನಿಗೆ ಗೊತ್ತಿಲ್ಲದ ಹೊಸ ಇಮೇಲ್ ಖಾತೆಯೊಂದನ್ನು ತೆರೆದರು. ರಾಜಾಜಿನಗರದ ಒಬ್ಬ ವಕೀಲೆಗೆ ಬರೆದರು. ಮಗು ಜೊತೆಗಿದ್ದರೂ ಸೇರಿಸಿಕೊಳ್ಳುವ ಪಿಜಿ ವಸತಿಯೊಂದು ಕೆಂಗೇರಿಯಲ್ಲಿ ಸಿಕ್ಕಿತು. ವಕೀಲೆಗೆ ಬರೆಯುವಾಗ ಕವನಾ ಹೇಳುತ್ತಾ ಹೋದಳು, ಶಿವಾನಿ ಟೈಪ್ ಮಾಡಿದಳು. "ಅವನು ಮಗುವಿನ ಎದುರೇ ಹೊಡೆಯುತ್ತಾನೆ, ಅದು ಈಗ ಮಂಚದ ಕೆಳಗೆ ಮಲಗುತ್ತದೆ" ಎಂಬ ಸಾಲು ಬಂದಾಗ ಕವನಾ ಅಳಿಸಲು ಹೇಳಿದಳು. ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ, ಬರೆದು ಕಳಿಸುವುದು ಬೇರೆ ಎಂದಳು. ಶಿವಾನಿ ಅಳಿಸಿದಳು. ಆ ಸಾಲು ಎಲ್ಲಿಗೂ ಹೋಗಲಿಲ್ಲ.

ಹೊರಡುವುದು ಸೋಮವಾರವೆಂದು ನಿಶ್ಚಯವಾಯಿತು. ಆ ಸೋಮವಾರ ಕವನಾ ಆಫೀಸಿಗೆ ಬರಲಿಲ್ಲ. ಮಧ್ಯಾಹ್ನ ಚನ್ನಕೇಶವ ಬಂದ. ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ಕುಂಕುಮ. ಹೆಂಡತಿ ಕೆಲಸ ಬಿಡುತ್ತಿದ್ದಾಳೆ, ಅವಳ ಟಿಫಿನ್ ಡಬ್ಬಿ, ಕೊಡೆ ತೆಗೆದುಕೊಂಡು ಹೋಗಲು ಬಂದೆ ಎಂದು ಸಿದ್ದಲಿಂಗೇಶ್ ಅವರಿಗೆ ವಿನಯದಿಂದಲೇ ಹೇಳಿದ. ಮಗಳನ್ನು ಮಾಗಡಿಯ ಹತ್ತಿರ ತನ್ನ ಅಕ್ಕನ ಮನೆಗೆ ಕಳಿಸಿದ್ದಾನಂತೆ, ಇನ್ನು ಅಲ್ಲೇ ಶಾಲೆಯಂತೆ. ಹೊರಡುವಾಗ ಶಿವಾನಿಯ ಮೇಜಿನ ಬಳಿ ನಿಂತ.

"ನನ್ನ ಮಗಳು ಮಂಚದ ಕೆಳಗೆ ಮಲ್ಗಲ್ಲ ಮೇಡಂ," ಎಂದ. "ಅದನ್ನ ಅಳ್ಸಿದ್ದು ಒಳ್ಳೇದಾಯ್ತು."

ಅವನು ಮೆಟ್ಟಿಲಿಳಿದ ಮೇಲೆ ಶಿವಾನಿ ಒಂದೊಂದೇ ದಾರಿಯನ್ನು ಲೆಕ್ಕ ಹಾಕಿದಳು. ಕಳಿಸದ ಸಾಲು ವಕೀಲೆಯ ಕೈಯಿಂದ ಸೋರುವಂತಿಲ್ಲ. ಹೊಸ ಇಮೇಲಿನ ಪಾಸ್‌ವರ್ಡ್ ಅವನಿಗೆ ಸಿಕ್ಕಿದ್ದರೂ ಅಳಿಸಿದ ಸಾಲು ಅಲ್ಲಿರುವುದಿಲ್ಲ. ಅದು ಇದ್ದದ್ದು ಒಂದೇ ಜಾಗದಲ್ಲಿ, ಆ ಪರದೆಯ ಮೇಲೆ, ಒಂದು ಗಳಿಗೆ.

ಅವಳು ಎದ್ದು ಹೋಗಿ ಕಿಟಕಿ ಪಕ್ಕದ ಕಂಪ್ಯೂಟರನ್ನು ತೆರೆದಳು. ಬ್ರೌಸರಿನ ಮೂಲೆಯಲ್ಲಿ ಕವನಾಳ ಹೆಸರಿನ ಪ್ರೊಫೈಲು ಬೇರೆಯೇ ಇತ್ತು. ನೆನಪಾಯಿತು. ತಿಂಗಳುಗಳ ಹಿಂದೆ ಅನುವಿನ ಶಾಲೆಯ ಸೈಟಿನ ಪಾಸ್‌ವರ್ಡ್ ಮರೆತು, ಮನೆಯಲ್ಲಿ ಉಳಿಸಿದ್ದು ಇಲ್ಲೂ ಸಿಗಲಿ ಎಂದು ಕವನಾ ತನ್ನ ಹಳೆಯ ಖಾತೆಯಿಂದ ಬ್ರೌಸರಿಗೆ ಸೈನ್ ಇನ್ ಆಗಿದ್ದಳು. ಸಿಂಕ್ ಮಾಡಲೇ, ಅಂದರೆ ಮನೆಯಲ್ಲಿರುವುದನ್ನೆಲ್ಲ ಇಲ್ಲಿಗೂ ತರಲೇ ಎಂದು ಅದು ಕೇಳಿದಾಗ ಹೂಂ ಎಂದು ಒತ್ತಿದ್ದಳು. ಪಾಸ್‌ವರ್ಡಿನ ಜೊತೆಗೆ ಮನೆಯ ಲ್ಯಾಪ್‌ಟಾಪಿನಲ್ಲಿದ್ದ ಎಕ್ಸ್‌ಟೆನ್ಶನ್ ಕೂಡ, ಏನನ್ನೂ ಕೇಳದೆ, ಹಿಂದೆಯೇ ಬಂದು ಕೂತಿತ್ತು. ಹೊಸ ಇಮೇಲನ್ನು ಇಬ್ಬರೂ ತೆರೆದದ್ದು ಅದೇ ಪ್ರೊಫೈಲಿನಲ್ಲಿ.

ಮಕ್ಕಳ ಓದಿನ ಮೇಲೆ ಕಣ್ಣಿಡುವ ಎಕ್ಸ್‌ಟೆನ್ಶನ್ ಅದು. ಮಗಳ ಆನ್‌ಲೈನ್ ಕ್ಲಾಸಿಗೆಂದು ಚನ್ನಕೇಶವ ಹಾಕಿದ್ದಿರಬೇಕು. ಶಿವಾನಿ ವಿವರ ತೆರೆದಳು. ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು. ಪುಟದ ಚಿತ್ರ ತೆಗೆದು ಪೋಷಕರ ಫೋನಿಗೆ ಕಳಿಸುವುದಾಗಿ ಅದರ ಪರಿಚಯದಲ್ಲೇ, ಬಚ್ಚಿಡದೆ, ಬರೆದಿತ್ತು. ಶನಿವಾರಗಳಂದು ಅವಳು ನೋಡಿದ್ದು ಆಫೀಸಿನ ಪ್ರೊಫೈಲನ್ನು ಮಾತ್ರ. ಪಕ್ಕದ ಪ್ರೊಫೈಲಿನಲ್ಲಿದ್ದದ್ದು ಅಲ್ಲಿ ಕಾಣುವುದಿಲ್ಲ. ಬೀಗ ಇದ್ದಿದ್ದರೆ ಯಾವ ಪ್ರೊಫೈಲಿನಲ್ಲೂ ಅದು ನಡೆಯುತ್ತಿರಲಿಲ್ಲ.

ಸಿದ್ದಲಿಂಗೇಶ್ ಅವರಿಗೆ ಹೇಳಿದಾಗ ಅವರ ಮುಖ ಕಳೆಗುಂದಿತು. ಆ ಪ್ರೊಫೈಲಿನಲ್ಲಿ ಅವಳು ಗಿರಾಕಿಗಳ ಪುಟಗಳನ್ನೂ ತೆರೆದಿದ್ದಳಾ ಎಂದು ಕೇಳಿದರು. ಕವನಾಳ ಬಗ್ಗೆ ಕೇಳಲಿಲ್ಲ. ಸಂಜೆಯೊಳಗೆ ಬೀಗ ಮತ್ತೆ ಬಿತ್ತು. ಸ್ವಂತ ಖಾತೆಯಿಂದ ಯಾರೂ ಬ್ರೌಸರಿಗೆ ಸೈನ್ ಇನ್ ಆಗದಂತೆಯೂ ಆಯಿತು.

ಶಿವಾನಿ ವಕೀಲೆಗೆ ಫೋನ್ ಮಾಡಿದಳು. ವಕೀಲೆ ಪೊಲೀಸರಿಗೆ ಹೇಳಿದರು. ಪೊಲೀಸರು ಹೋಗಿ ಬಾಗಿಲಲ್ಲಿ ನಿಂತು ಕೇಳಿದಾಗ ಕವನಾ, ನನಗೇನೂ ತೊಂದರೆಯಿಲ್ಲ ಎಂದಳಂತೆ. ಮಗಳು ಅವನ ಅಕ್ಕನ ಮನೆಯಲ್ಲಿರುವಾಗ ಅವಳು ಇನ್ನೇನು ಹೇಳಿಯಾಳು ಎಂದರು ವಕೀಲೆ.

ಚನ್ನಕೇಶವ ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಶಿವಾನಿ ಮೂಡಲಪಾಳ್ಯಕ್ಕೆ ಹೋದಳು. ಕವನಾ ಗೇಟು ತೆಗೆಯಲಿಲ್ಲ. ಕಂಬಿಯ ಆಚೆ ನಿಂತೇ ಮಾತಾಡಿದಳು. ಕೆನ್ನೆ ಇಳಿದುಹೋಗಿತ್ತು.

"ನೀವೇ ಎಲ್ಲಾ ಹೇಳಿದ್ರಿ ಅಂತ ನಮ್ಮನೆಯವ್ರು ಅಂದ್ರು, ಶಿವಾನಿ ಅಕ್ಕ. ಆ ಸಾಲು ನಮ್ಮಿಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ."

ಶಿವಾನಿ ಗೇಟು ಹಿಡಿದುಕೊಂಡು ಹೇಳತೊಡಗಿದಳು. ಪ್ರೊಫೈಲು, ಸಿಂಕ್, ಮನೆಯ ಲ್ಯಾಪ್‌ಟಾಪಿನಿಂದ ತಾನಾಗಿ ಬಂದ ಎಕ್ಸ್‌ಟೆನ್ಶನ್, ಪರದೆಯ ಚಿತ್ರ. ಎಲ್ಲವೂ ನಿಜ. ಆದರೆ ಹೇಳುತ್ತಾ ಹೋದಂತೆ ತನ್ನ ಕಿವಿಗೇ ಅದು ಕಟ್ಟಿದ ಕತೆಯಂತೆ ಕೇಳತೊಡಗಿತು. ಕವನಾ ಕೊನೆಯವರೆಗೂ ಕೇಳಿಸಿಕೊಂಡಳು.

"ಕಂಪ್ಯೂಟ್ರು ಹೇಳ್ತು ಅಂತೀರಾ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಇರ್ಲಿ ಬಿಡಿ. ಅಲ್ಲಿ ಅವ್ನ ಕೈ ಬರಲ್ಲ ಅಂದಿದ್ದು ನೀವಲ್ವಾ ಅಕ್ಕ?"

ಶಿವಾನಿ ಗೇಟಿನಿಂದ ಕೈ ತೆಗೆದಳು. ಇನ್ನು ಬರಬೇಡಿ, ಅವರಿಗೆ ಗೊತ್ತಾದರೆ ಅನುವನ್ನು ನೋಡಲೂ ಬಿಡುವುದಿಲ್ಲ ಎಂದು ಹೇಳಿ ಕವನಾ ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು. ಎದುರು ಮನೆಯ ಹೆಂಗಸು ಬಟ್ಟೆ ಹರವುತ್ತಾ ಇತ್ತಲೇ ನೋಡುತ್ತಿದ್ದಳು. ಶಿವಾನಿ ಬಸ್ ಸ್ಟಾಪಿನ ಕಡೆಗೆ ಹೆಜ್ಜೆ ಹಾಕಿದಳು.