ಕೀಲಿಗೆ ಬಿಟ್ಟ ಎಣ್ಣೆ

ಹೊಲಿಗೆಯವಳಿಗೆ ಎಣ್ಣೆ ಮೇಲೆ ಎಲ್ಲಿಲ್ಲದ ನಂಬಿಕೆ. ಕತ್ತರಿ ಬಿಗಿಯಾದರೆ ಒಂದು ಹನಿ, ಬಾಗಿಲು ಕಿರುಗುಟ್ಟಿದರೆ ಒಂದು ಹನಿ. ಮಂಚದ ಪಕ್ಕದ ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುಗಲು ಮೊಂಡಾಟ ಮಾಡಿದಾಗಲೂ ಅವಳ ಕೈ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿಗೇ ಹೋಗಿತ್ತು. ಕೀಲಿ ಕೂರುವ ಕಡೆ, ಮೀಟರು ಸೇರುವ ಕಡೆ, ಎರಡೆರಡು ಹನಿ ಬಿಟ್ಟಿದ್ದಳು.

ಗಂಡ ಮೂವತ್ತು ವರ್ಷ ಕಲ್ಲು ಕೊರೆದವನು. ಕಲ್ಲಿನ ಪುಡಿ ಎದೆಗೂಡಿನಲ್ಲಿ ಮನೆ ಮಾಡಿಕೊಂಡು, ಈಗ ಆಕ್ಸಿಜನ್ ಮಿಷನ್ನು ಹಗಲಿರುಳು ಗುರುಗುಟ್ಟಬೇಕು, ಮೂಗಿನಲ್ಲಿ ನಳಿಕೆ ಇರಬೇಕು. ಮಿಷನ್ನನ್ನೂ, ಕರೆಂಟು ಹೋದರೆ ಇರಲೆಂದು ಸಿಲಿಂಡರನ್ನೂ ತಂದುಕೊಟ್ಟ ಮೆಕ್ಯಾನಿಕ್ ಆ ದಿನ ಇನ್ನೂ ನಾಲ್ಕು ಮನೆ ಸುತ್ತಬೇಕಿತ್ತು. ಬೀಡಿ ಕೂಡದು, ಒಲೆ ದೂರ ಇರಲಿ ಎಂದಷ್ಟೇ ಬಾಯಲ್ಲಿ ಹೇಳಿ, "ಮಿಕ್ಕಿದ್ದೆಲ್ಲ ಹಾಳೇಲಿದೆ ಅಕ್ಕ" ಎಂದು ಒಂದು ಹಾಳೆ ಕೊಟ್ಟು ಹೊರಟಿದ್ದ.

ಕಳೆದುಹೋಗಬಾರದೆಂದು ಅವಳು ಅದಕ್ಕೆ ಮೈತುಂಬ ಗೋಂದು ಹಚ್ಚಿ ಗೋಡೆಗೆ ಅಂಟಿಸಿದಳು. ಅದರಲ್ಲಿದ್ದುದನ್ನು ಚಾಚೂ ತಪ್ಪದೆ ಮಾಡಿದಳು. ಗಾಳಿ ತೇವವಾಗಲೆಂದು ಮಿಷನ್ನಿಗೆ ಸಿಕ್ಕಿಸಿದ ನೀರಿನ ಬಾಟಲಿಯನ್ನು ದಿನಾ ಸೋಪಿನಲ್ಲಿ ತೊಳೆದು, ಜಾಲಿಸಿ, ಒಣಗಿಸಿ, ಡಿಸ್ಟಿಲ್ಡ್ ವಾಟರನ್ನು ಎರಡು ಗೆರೆಗಳ ನಡುವೆ ತುಂಬುವಳು. ವಾರಕ್ಕೊಮ್ಮೆ ಬಾಟಲಿಗೆ ವಿನೆಗರ್ ನೀರಿನ ಸ್ನಾನ. ಪೈಪು ಮಡಚಿದೆಯೇ, ಒಳಗೆ ನೀರು ನಿಂತಿದೆಯೇ ಎಂದು ಬೆರಳಾಡಿಸಿ ನೋಡುವಳು.

"ಮದುವೆಯಾದಾಗಿಂದ ನನ್ನ ಬೆನ್ನು ಹೀಗೆ ಉಜ್ಜಿದ್ದಿದ್ರೆ ಇಷ್ಟೊತ್ತಿಗೆ ಬೆಳ್ಳಗಾಗ್ತಿದ್ದೆ" ಎಂದು ಗಂಡ ಛೇಡಿಸುವನು.

"ಮಾತಾಡಿ ಉಸಿರು ದಂಡ ಮಾಡ್ಬೇಡಿ."

ಅದೊಂದು ಬೆಳಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಗುರುಗುಡುವುದು ನಿಂತು ಮಿಷನ್ನು ಕೀಂ ಎಂದು ಕಿರುಚಿಕೊಂಡಿತು. ಅವಳು ಗಾಬರಿಯಾಗಲಿಲ್ಲ, ಸಿಲಿಂಡರು ತುಂಬಿತ್ತಲ್ಲ. ಒಂದು ಕೈಯಲ್ಲಿ ಕೀಲಿ ಹಿಡಿದು ಇನ್ನೊಂದರಲ್ಲಿ ಮೆಕ್ಯಾನಿಕ್‌ಗೆ ಫೋನು ಮಾಡಿ, ಮಾತು ಗಂಡನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಯಾವ ಕಡೆ ತಿರುಗಿಸ್ಬೇಕಪ್ಪಾ?"

"ಎಡಕ್ಕೆ ಅಕ್ಕ, ನಿಧಾನಕ್ಕೆ. ಬಿಗಿ ಇದ್ರೆ..."

"ಬಿಗಿ ಇಲ್ಲ. ಎಣ್ಣೆ ಬಿಟ್ಟಿದ್ದೀನಿ, ಬೆಣ್ಣೆ ಹಾಗೆ ತಿರುಗುತ್ತೆ."

ಫೋನಿನಲ್ಲಿ ಮೆಕ್ಯಾನಿಕ್‌ನ ದನಿ ಏರಿತು.

"ಅಕ್ಕ, ಕೈ ತೆಗೀರಿ. ಮುಟ್ಟಬೇಡಿ."

"ಒರೆಸಿಬಿಡ್ತೀನಿ."

"ಒರೆಸಿದ್ರೆ ಹೋಗಲ್ಲ. ಅಷ್ಟು ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದ್ರೆ ಬೆಂಕಿಕಡ್ಡೀನೇ ಬೇಕಾಗಿಲ್ಲ, ತಾನೇ ಹೊತ್ಕೊಂಡು ಸಿಡಿಯುತ್ತೆ. ಹಾಳೆ ಹಿಂದೆ ಬರ್ದಿತ್ತಲ್ಲಾ! ಕರೆಂಟು, ಬೆಂಕಿ, ಎಲ್ಲಾ ಹಿಂದುಗಡೆ."

ಅವಳು ಗೋಡೆಯತ್ತ ನೋಡಿದಳು. ಹಿಂದುಗಡೆ ಎಂಬುದೊಂದಿತ್ತು. ಅದು ಗೋಂದಿನ ಜೊತೆ ಗೋಡೆ ಸೇರಿತ್ತು.

"ಆಂಬ್ಯುಲೆನ್ಸಿಗೆ ನಾನೇ ಹೇಳ್ತೀನಿ. ಬೇರೆ ಸಿಲಿಂಡರು ತರ್ತೀನಿ, ಅರ್ಧ ಗಂಟೆ. ಮಲಗಿಸ್ಬೇಡಿ, ಮುಂದಕ್ಕೆ ಬಾಗಿಸಿ ಕೂರಿಸಿ. ಸಿಳ್ಳೆ ಹಾಕೋ ಹಾಗೆ ತುಟಿ ಮಾಡಿ ನಿಧಾನಕ್ಕೆ ಉಸಿರು ಬಿಡ್ಲಿ."

ದಿಂಬನ್ನು ತೊಡೆ ಮೇಲಿಟ್ಟು ಗಂಡನನ್ನು ಅದಕ್ಕೆ ಒರಗಿಸಿದಳು. ಐದು ನಿಮಿಷ ಅವನು ಹೇಳಿದಂತೆ ಕೇಳಿದ. ಹತ್ತಾಗುವಷ್ಟರಲ್ಲಿ ಕತ್ತಿನ ನರಗಳು ಹಗ್ಗದಂತೆ ಉಬ್ಬಿದವು, ಉಗುರು ನೇರಳೆಗೆ ತಿರುಗಿತು.

"ತೆಗಿಯೇ" ಎಂದ, ಸಿಲಿಂಡರಿನ ಕಡೆ ಕಣ್ಣು ಹಾಯಿಸಿ.

"ಸಿಡಿಯುತ್ತಂತೆ ರೀ."

"ಸಿಡೀಲಿ... ತೆಗಿ."

ಪಕ್ಕದ ಗೋಡೆಯಾಚೆ ನೆರೆಮನೆಯ ಮಗು ಪಾತ್ರೆ ಬಡಿಯುತ್ತ ನಗುತ್ತಿತ್ತು. ಗಂಡ ಅವಳ ಮುಷ್ಟಿಯಲ್ಲಿದ್ದ ಕೀಲಿಗೆ ಕೈ ಹಾಕಿದ. ಕಲ್ಲು ಕೊರೆದ ಕೈ, ಈಗಲೂ ಗಟ್ಟಿ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೀಲಿಯನ್ನು ಕಿಟಕಿಯಿಂದ ಆಚೆ ಎಸೆದಳು. ಅವನು ಅವಳನ್ನು ಯಾರೋ ಪರಕೀಯಳನ್ನು ನೋಡುವಂತೆ ನೋಡಿ ಮುಖ ತಿರುಗಿಸಿದ. ಆಮೇಲೆ ಕೇಳಲಿಲ್ಲ.

ಮೆಕ್ಯಾನಿಕ್ ಬಂದಾಗ ಇಪ್ಪತ್ತೇಳು ನಿಮಿಷವಾಗಿತ್ತು. ನಳಿಕೆಗೆ ಗಾಳಿ ಬಂತು, ಆಂಬ್ಯುಲೆನ್ಸೂ ಬಂತು. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿದ್ದರಿಂದ ಅವನು ಮತ್ತೆ ಮಾತಾಡಲಿಲ್ಲ. ಮೂರನೆಯ ದಿನ ತೀರಿಕೊಂಡ.

ವಾರ ಕಳೆದು ಮೆಕ್ಯಾನಿಕ್ ಮಿಷನ್ನು ವಾಪಸು ಒಯ್ಯಲು ಬಂದ. ವೈರು ಸುತ್ತುತ್ತಿದ್ದವನನ್ನು ಅವಳು ಕೇಳಿದಳು: "ಅವತ್ತು ತೆಗೆದಿದ್ರೆ ಹೊತ್ಕೊಳ್ತಿತ್ತು, ಅಲ್ವಾ? ಖಂಡಿತ?"

ಅವನು ನೆಲ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಖಂಡಿತ ಅಂತ ಹೇಗೆ ಹೇಳ್ಲಿ ಅಕ್ಕ? ಹೊತ್ಕೋಬಹುದಿತ್ತು. ಏನೂ ಆಗ್ದೇನೂ ಇರ್ಬಹುದಿತ್ತು. ತೆಗೀದೇ ಇದ್ದಿದ್ದೇ ಸರಿ."

ಅವಳು ಗೋಡೆಯ ಮೇಲಿನ ಹಾಳೆಯ ಅಂಚನ್ನು ಉಗುರಿನಿಂದ ಕೆರೆದಳು.

"ಹೌದು ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ?" ಎಂದಳು.